ಹಿಡಿದ ಕೈ ಬಿಡೋದಿಲ್ಲ: ಮದುವೆಗೆ ಒಂದು ಸಾಲು ಕಲಿಸುವ ಕೆಲಸ

ಮದುವೆಯಾಗುವ ಇಬ್ಬರು ಒಬ್ಬರಿಗೊಬ್ಬರು ಏನು ಹೇಳಬೇಕು ಅನ್ನುವುದನ್ನು 1954ರ ವಿಶೇಷ ವಿವಾಹ ಕಾಯ್ದೆ ಪದ ಪದವಾಗಿ ಬರೆದಿಟ್ಟಿದೆ. ಅದರ 12ನೇ ಕಲಂ ಪ್ರಕಾರ ಮದುವೆಯನ್ನು ಯಾವ ರೀತಿಯಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಹಾರ ಹಾಕಿಕೊಳ್ಳಬಹುದು, ಬಿಡಬಹುದು. ಆದರೆ ವಿವಾಹ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಒಂದು ಸಾಲನ್ನು ಹೇಳಲೇಬೇಕು. ಇಂಥ ಹೆಸರಿನ ನಾನು ಇಂಥ ಹೆಸರಿನ ನಿನ್ನನ್ನು ಕಾನೂನುಬದ್ಧ ಹೆಂಡತಿಯಾಗಿ, ಇಲ್ಲವೇ ಗಂಡನಾಗಿ ಸ್ವೀಕರಿಸುತ್ತೇನೆ ಅನ್ನುವ ಸಾಲು ಅದು. ಆ ಮಾತು ಬಾಯಿಂದ ಬರುವ ತನಕ ಮದುವೆ ಪೂರ್ತಿಯಾದಂತಲ್ಲ. ಯಾವ ಭಾಷೆಯಲ್ಲಿ ಹೇಳಬೇಕು? ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಸರಿ, ಅನ್ನುತ್ತದೆ ಕಾಯ್ದೆ.

ಇದರಲ್ಲಿ ಎರಡು ಷರತ್ತಿವೆ. ಒಂದು, ಮಾತನ್ನು ಒಬ್ಬರು ಇನ್ನೊಬ್ಬರಿಗೆ ಹೇಳಬೇಕು. ಅಧಿಕಾರಿಗಲ್ಲ, ಬಂದ ನೆಂಟರಿಗಲ್ಲ. ಎರಡು, ಆ ಮಾತು ಇಬ್ಬರಿಗೂ ಅರ್ಥವಾಗಿರಬೇಕು. ನಾನು ಬೆಂಗಳೂರಿನಲ್ಲಿ ಹೊರಗಿನಿಂದ ಬಂದವರಿಗೆ ಮಾತಾಡುವ ಕನ್ನಡ ಕಲಿಸುತ್ತೇನೆ. ಈಚೆಗೆ ನನ್ನ ತರಗತಿಗೆ ಬರುವವರಲ್ಲಿ ಕೆಲವರದು ಒಂದೇ ಕೋರಿಕೆ: ‘ಸರ್, ಮದುವೆ ಇದೆ, ಹುಡುಗಿ ಕನ್ನಡದವಳು, ಮಂಟಪದಲ್ಲಿ ಒಂದು ಸಾಲು ಕನ್ನಡದಲ್ಲಿ ಹೇಳಬೇಕು, ಕಲಿಸಿ.’ ಅವಳೂ ಅವನ ಭಾಷೆಯಲ್ಲಿ ಒಂದು ಸಾಲು ಹೇಳುತ್ತಾಳೆ. ಇಂಥ ಸಾಲುಗಳು ನಿಲ್ಲುವುದೂ ಬೀಳುವುದೂ ಈ ಎರಡು ಷರತ್ತಿನ ಮೇಲೆಯೇ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಶಾಸ್ತ್ರೋಕ್ತ ಮದುವೆಯಾದರೂ ಅಷ್ಟೇ, ರಿಜಿಸ್ಟರ್ ಮದುವೆಯಾದರೂ ಅಷ್ಟೇ.

ನಮ್ಮ ಕಡೆ ಮದುವೆಯ ಮಾತನ್ನು ತಿಳಿಯುವ ಭಾಷೆಯಲ್ಲಿ ಆಡುವುದು ಹೊಸದೇನಲ್ಲ. ಕುವೆಂಪು ಅವರ ಮಂತ್ರ ಮಾಂಗಲ್ಯದ ಸರಳ ಮದುವೆಯಲ್ಲಿ ವಧೂವರರು ಕನ್ನಡದಲ್ಲೇ ಪ್ರಮಾಣ ಮಾಡುತ್ತಾರೆ. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ನಡೆದದ್ದೂ ಹೀಗೆಯೇ. ಆದರೆ ಅಲ್ಲಿ ಇಬ್ಬರ ಭಾಷೆಯೂ ಒಂದೇ. ಭಾಷೆ ಎರಡಾದಾಗ ಕೆಲಸ ಬೇರೆ. ಅದನ್ನು ಒಂದು ಮದುವೆಯ ಮೂಲಕವೇ ಹೇಳುತ್ತೇನೆ. ಅದು ನನ್ನ ಅಕ್ಕನ ಮಗಳ ಮದುವೆ. ಹುಡುಗ ಕೋಲ್ಕತ್ತದವನು, ಮನೆಮಾತು ಬಂಗಾಳಿ. ಬೆಂಗಳೂರಿಗೆ ಕೆಲಸಕ್ಕೆ ಬಂದವನು. ಅವಳು ನನ್ನನ್ನು ‘ಮಾಮ’ ಅನ್ನುತ್ತಾಳೆ. ಬಂಗಾಳಿಯಲ್ಲೂ ಅಮ್ಮನ ತಮ್ಮನಿಗೆ ಮಾಮಾ ಅನ್ನುವುದರಿಂದ ಅವನಿಗೆ ಅದೊಂದನ್ನು ಕಲಿಸುವ ಗೋಜಿರಲಿಲ್ಲ.

ಮೊದಲು ನಾನು ಇಟ್ಟ ಒಂದೇ ನಿಯಮ: ಇಬ್ಬರೂ ಕಲಿಯಬೇಕು, ಇಬ್ಬರ ಸಾಲೂ ಹೆಚ್ಚುಕಮ್ಮಿ ಒಂದೇ ಉದ್ದ ಇರಬೇಕು. ಮದುವೆ ಬೆಂಗಳೂರಿನಲ್ಲಿ, ಬರುವವರಲ್ಲಿ ಜಾಸ್ತಿ ಜನ ನಮ್ಮವರು, ಹಾಗಾಗಿ ಅವನು ಕನ್ನಡ ಹೇಳಿದರೆ ಸಾಕು ಅನ್ನುವ ಮಾತು ನಮ್ಮ ಮನೆಯಲ್ಲೇ ಬಂದಿತ್ತು. ನಾನು ಒಪ್ಪಲಿಲ್ಲ. ಒಬ್ಬನೇ ಕಲಿತರೆ ಅದು ಹೊಸ ಅಳಿಯನಿಗೆ ಇಟ್ಟ ಪರೀಕ್ಷೆಯಾಗುತ್ತದೆ. ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಅತ್ತ ಕೋಲ್ಕತ್ತದಿಂದ ರೈಲು ಹತ್ತಿ ಬಂದ ಅವನ ಅಮ್ಮನಿಗೆ ಸೊಸೆಯ ಬಾಯಿಂದ ತನ್ನ ಭಾಷೆಯ ಒಂದು ಮಾತೂ ಸಿಗುವುದಿಲ್ಲ.

ಹುಡುಗ ಮೊದಲು ತಂದ ಕನ್ನಡ ಸಾಲು ಹೀಗಿತ್ತು: ‘ನಾನು ನಿನ್ನನ್ನು ನನ್ನ ಬಾಳಸಂಗಾತಿಯಾಗಿ ಸ್ವೀಕರಿಸುತ್ತೇನೆ ಎಂದು ಎಲ್ಲರ ಎದುರು ಹೇಳುತ್ತೇನೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾವ ಗಂಡನೂ ಹೆಂಡತಿಗೆ ಹೀಗೆ ಮಾತಾಡುವುದಿಲ್ಲ, ಅಲ್ವಾ? ಅದಕ್ಕಿಂತ ದೊಡ್ಡ ತೊಂದರೆ ಅವನ ನಾಲಿಗೆಯದು. ಬಂಗಾಳಿಯಲ್ಲಿ ಳಕಾರ ಇಲ್ಲ. ‘ಬಾಳಸಂಗಾತಿ’ ಅವನ ಬಾಯಲ್ಲಿ ‘ಬಾಲಸಂಗಾತಿ’ ಆಯಿತು. ಬಾಳು ಹೋಗಿ ಬಾಲ ಬಂತು. ‘ಹೇಳುತ್ತೇನೆ’ ಅನ್ನುವುದನ್ನು ಲಕಾರದಲ್ಲಿ ಅಂದರೆ ಏನಾಗುತ್ತದೆ ಅಂತ ಕನ್ನಡದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನು ‘ಸ್ವೀಕರಿಸು’. ಬಂಗಾಳಿಯಲ್ಲಿ ಸ, ಶ, ಷ ಮೂರೂ ಬಹುಪಾಲು ಶಕಾರವಾಗಿಯೇ ಕೇಳುತ್ತವೆ. ಪದದ ಮೊದಲಲ್ಲಿ ಸಕಾರಕ್ಕೆ ಅಂಟಿಕೊಂಡ ವಕಾರ ಉಚ್ಚಾರದಲ್ಲಿ ಮಾಯವಾಗುತ್ತದೆ. ‘ಸ್ವೀಕಾರ’ ಅನ್ನುವ ಪದ ಅವರಲ್ಲೂ ಇದೆ, ಆದರೆ ಓದುವುದು ‘ಶಿಕಾರ್’ ಅಂತ. ಹಾಗಾಗಿ ಅವನು ‘ಶೀಕೊರಿಶುತ್ತೇನೆ’ ಅಂದಾಗ ಅವನ ಕಿವಿಗೆ ಅದು ಸರಿಯಾಗಿಯೇ ಇತ್ತು.

ಇಲ್ಲಿ ಎರಡು ದಾರಿ ಇದೆ. ಳಕಾರವನ್ನು ತಿದ್ದಿ ತಿದ್ದಿ ಕಲಿಸುವುದು ಒಂದು. ಳಕಾರವೇ ಇಲ್ಲದ ಸಾಲು ಹುಡುಕುವುದು ಇನ್ನೊಂದು. ಭಾಷೆ ಕಲಿಯಲು ಬಂದವರಿಗೆ ನಾನು ಮೊದಲನೆಯದನ್ನೇ ಮಾಡಿಸುತ್ತೇನೆ. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸಿ ಬಿಡಬೇಕು, ನಿಧಾನವಾಗಿ ಬಂದೇ ಬರುತ್ತದೆ. ಮದುವೆಗೆ ಮಾತ್ರ ಎರಡನೆಯದೇ ಸರಿ. ಮಂಟಪದಲ್ಲಿ ಕೂತವನಿಗೆ ಬೆಳಗಿನಿಂದ ಊಟವಿಲ್ಲ, ಎದುರಿಗೆ ಹೋಮದ ಹೊಗೆ, ಸುತ್ತ ಕ್ಯಾಮೆರಾ. ಹೊಸದಾಗಿ ಕಲಿತ ಸದ್ದು ಅಂಥ ಹೊತ್ತಿನಲ್ಲಿ ಮೊದಲು ಕೈಕೊಡುತ್ತದೆ. ಹೇಳುವವನ ನಾಲಿಗೆಗೆ ಆಗಲೇ ಗೊತ್ತಿರುವ ಸದ್ದುಗಳಿಂದಲೇ ಸಾಲು ಕಟ್ಟಬೇಕು.

ಸರಿಯಾದ ಸಾಲು ಸಿಕ್ಕಿದ್ದು ನನ್ನಿಂದಲ್ಲ, ನನ್ನ ಅಮ್ಮನಿಂದ. ಹುಡುಗಿಗೆ ಅಜ್ಜಿ. ನಾವು ಹಾಲ್‌ನಲ್ಲಿ ಕೂತು ಹೀಗೆ ಹಾಗೆ ಅಂತ ಬರೆದು ಹೊಡೆದುಹಾಕುತ್ತಿದ್ದೆವು. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ‘ಅಷ್ಟುದ್ದ ಯಾಕೋ? ಕಷ್ಟ ಬರಲಿ ಸುಖ ಬರಲಿ ಕೈ ಬಿಡಲ್ಲ ಅಂದ್ರೆ ಸಾಕಪ್ಪ, ಇನ್ನೇನು ಬೇಕು ಹೆಣ್ಣಿಗೆ’ ಅಂದರು. ಅಲ್ಲಿಗೆ ಮುಗಿಯಿತು. ಅದರಲ್ಲಿ ಹೇಳಬೇಕಾದ್ದೆಲ್ಲ ಇತ್ತು. ‘ಬರಲಿ’ ಎರಡು ಸಲ ಬರುವುದರಿಂದ ಬಾಯಿಗೆ ಒಂದು ಓಟವೂ ಸಿಗುತ್ತದೆ. ನಾನು ಸೇರಿಸಿದ್ದು ‘ಹಿಡಿದ’ ಅನ್ನುವ ಒಂದು ಪದ. ಧಾರೆ ಎರೆಯುವಾಗ ಹಿಡಿದ ಕೈ ಅಲ್ಲೇ ಕಣ್ಣೆದುರಿಗೆ ಇರುತ್ತದೆ, ಅವನಿಗೆ ಅರ್ಥ ನೆನಪಿಡುವುದೂ ಸುಲಭ.

ಹೀಗೆ ‘ಕಷ್ಟ ಬರಲಿ ಸುಖ ಬರಲಿ, ಹಿಡಿದ ಕೈ ಬಿಡಲ್ಲ’ ಅಂತ ಶುರು ಮಾಡಿದೆವು. ಹೇಳಿಸುತ್ತಾ ಹೋದ ಹಾಗೆ ಕೊನೆಯ ಪದದಲ್ಲಿ ಒಂದು ಅಪಾಯ ಕಂಡಿತು. ಬಂಗಾಳಿಯಲ್ಲಿ ಹ್ರಸ್ವ ದೀರ್ಘ ಅನ್ನುವ ಭೇದ ಬರವಣಿಗೆಯಲ್ಲಿ ಇದೆಯೇ ಹೊರತು ಮಾತಿನಲ್ಲಿ ಇಲ್ಲ. ಸ್ವರವನ್ನು ಎಳೆದರೂ ಬಿಟ್ಟರೂ ಅರ್ಥ ಬದಲಾಗುವುದಿಲ್ಲ. ಅವನಿಗೆ ಸುಸ್ತಾದಾಗ ‘ಬಿಡಲ್ಲ’ದ ಒತ್ತು ಸಡಿಲವಾಗಿ, ಕೊನೆ ಎಳೆದು, ‘ಹಿಡಿದ ಕೈ ಬಿಡಲಾ’ ಆಗುತ್ತಿತ್ತು. ಒತ್ತಕ್ಷರ ಹೋಗಿ ದೀರ್ಘ ಬಂದರೆ ಕನ್ನಡದಲ್ಲಿ ಮಾತು ಪೂರ್ತಿ ತಿರುಗುತ್ತದೆ. ಕೈ ಬಿಡುವುದಿಲ್ಲ ಅನ್ನುವ ಮಾತು, ಕೈ ಬಿಟ್ಟುಬಿಡಲಾ ಅನ್ನುವ ಪ್ರಶ್ನೆಯಾಗುತ್ತದೆ. ಮಂಟಪದಲ್ಲಿ, ಮೈಕ್ ಮುಂದೆ, ಅವಳ ಕೈ ಹಿಡಿದುಕೊಂಡು.

ಆಗ ‘ಬಿಡಲ್ಲ’ ತೆಗೆದು ‘ಬಿಡೋದಿಲ್ಲ’ ಹಾಕಿದೆ. ಅಕ್ಷರ ಒಂದು ಜಾಸ್ತಿ, ಆದರೆ ಹೇಳುವುದು ಅವನಿಗೆ ಸುಲಭ. ಕಾರಣ ಇದು. ಬೆಂಗಳೂರಿನಲ್ಲಿ ಇರುವವರು ಕನ್ನಡ ಕಲಿಯದಿದ್ದರೂ ‘ಇಲ್ಲ’ ಅನ್ನುವುದನ್ನು ದಿನಾ ಕೇಳಿರುತ್ತಾರೆ. ಚಿಲ್ಲರೆ ಇಲ್ಲ, ಜಾಗ ಇಲ್ಲ, ಗೊತ್ತಿಲ್ಲ. ಆ ‘ಇಲ್ಲ’ವನ್ನು ಅವನು ನಮ್ಮಷ್ಟೇ ಚೆನ್ನಾಗಿ, ಒತ್ತು ಕೊಟ್ಟು ಹೇಳುತ್ತಿದ್ದ. ‘ಬಿಡೋದು’, ‘ಇಲ್ಲ’ ಅಂತ ಬಿಡಿಸಿ, ಆಮೇಲೆ ಸೇರಿಸಿದಾಗ ಮತ್ತೆ ಆ ಎಡವಟ್ಟು ಬರಲಿಲ್ಲ. ಸದ್ದನ್ನು ತಿದ್ದುವುದಕ್ಕಿಂತ ರೂಪವನ್ನು ಬದಲಾಯಿಸುವುದು ಎಷ್ಟೋ ಸಲ ಬೇಗ ಆಗುವ ಕೆಲಸ. ಒಂದು ಎಚ್ಚರ ಮಾತ್ರ ಬೇಕಿತ್ತು. ಗಾಬರಿಯಲ್ಲಿ ‘ಕೈ’ ಮರೆತು ‘ನಿನ್ನ ಬಿಡೋದಿಲ್ಲ’ ಅಂದರೆ ಅದು ಜಗಳಕ್ಕೆ ನಿಂತವನ ಮಾತು. ಅದಕ್ಕೇ ‘ಹಿಡಿದ ಕೈ’ ಎರಡನ್ನೂ ಒಂದೇ ಪದದ ಹಾಗೆ, ನಡುವೆ ಉಸಿರು ಬಿಡದೆ ಹೇಳಿಸಿದೆ.

ಕಲಿಸುವ ಕ್ರಮದ ಬಗ್ಗೆಯೂ ಒಂದಿಷ್ಟು ಹೇಳಬೇಕು. ಸಾಲನ್ನು ಮೊದಲಿಂದ ಕೊನೆಗೆ ಕಲಿಸಬಾರದು, ಕೊನೆಯಿಂದ ಹಿಂದಕ್ಕೆ ಕಲಿಸಬೇಕು. ಮೊದಲು ‘ಬಿಡೋದಿಲ್ಲ’. ಅದು ಸಲೀಸಾದ ಮೇಲೆ ‘ಕೈ ಬಿಡೋದಿಲ್ಲ’. ಆಮೇಲೆ ‘ಹಿಡಿದ ಕೈ ಬಿಡೋದಿಲ್ಲ’. ಹೀಗೆ ಮಾಡಿದರೆ ಸಾಲಿನ ಕೊನೆ ಅತಿ ಹೆಚ್ಚು ಸಲ ಬಾಯಿಗೆ ಬಂದಿರುತ್ತದೆ. ಹೆದರಿದವನು ಶುರು ಮಾಡುವಾಗ ತಡವರಿಸಿದರೂ ಮುಂದೆ ಮುಂದೆ ಹೋದ ಹಾಗೆ ಪಳಗಿದ ದಾರಿಗೆ ಬರುತ್ತಾನೆ. ಮೊದಲಿಂದ ಕಲಿತವನಿಗೆ ಇದು ತಿರುಗಾಮುರುಗಾ. ಜೋರಾಗಿ ಶುರು ಮಾಡಿ ಕೊನೆಯಲ್ಲಿ ನುಂಗುತ್ತಾನೆ. ಕನ್ನಡದಲ್ಲಿ ‘ಇಲ್ಲ’ ಬರುವುದು ಸಾಲಿನ ಕೊನೆಯಲ್ಲೇ. ಅದನ್ನು ನುಂಗಿದರೆ ಪ್ರಮಾಣವೇ ಉಳಿಯುವುದಿಲ್ಲ.

ಬರೆದುಕೊಡಿ ಅಂತ ಅವನು ಕೇಳಿದ. ಬರೆದುಕೊಡಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹ್ರಸ್ವ ದೀರ್ಘ ಕಳೆದುಹೋಗುತ್ತದೆ, ‘ಬರಲಿ’ ಓದುವವನ ಬಾಯಲ್ಲಿ ‘ಬಾರಾಲಿ’ ಆಗುತ್ತದೆ. ಬಂಗಾಳಿ ಅಕ್ಷರದಲ್ಲಿ ಬರೆದರೆ ಇನ್ನೊಂದು ಪಾಡು. ಅವರ ಬರಿಯ ಅಕಾರದ ಅಕ್ಷರವನ್ನು ಬಹಳ ಕಡೆ ‘ಒ’ ಅಂತ ಓದುತ್ತಾರೆ. ಹ್ರಸ್ವ ಎ, ದೀರ್ಘ ಏ ಅಂತ ಬೇರೆ ಬೇರೆ ಅಕ್ಷರ ಆ ಲಿಪಿಯಲ್ಲಿಲ್ಲ. ಹಾಗಾಗಿ ಅಕ್ಕನ ಮಗಳ ಧ್ವನಿಯಲ್ಲೇ ರೆಕಾರ್ಡ್ ಮಾಡಿಸಿ ಅವನ ಫೋನಿಗೆ ಕಳಿಸಿದೆವು. ಒಂದು ಸಲ ಮಾಮೂಲಿ ವೇಗದಲ್ಲಿ, ಒಂದು ಸಲ ತುಂಡು ತುಂಡಾಗಿ ಕೊನೆಯಿಂದ. ನನ್ನ ಧ್ವನಿ ಬೇಡ ಅಂದಿದ್ದೂ ನಾನೇ. ಕಲಿಸಿದವರ ರಾಗ ಕಲಿತವರಿಗೆ ಅಂಟುತ್ತದೆ. ಅವನು ಆ ಮಾತನ್ನು ಮೇಷ್ಟರ ರಾಗದಲ್ಲಿ ಹೇಳುವುದು ಬೇಡ.

ಒಂದು ವಿಚಿತ್ರ ನೋಡಿ. ‘ಹಿಡಿದ’, ‘ಬಿಡೋದಿಲ್ಲ’ ಇವು ಅವನಿಗೆ ಹೊಚ್ಚ ಹೊಸ ಪದ. ಅವು ಬೇಗ ಬಂದವು. ಕೊನೆಯ ತನಕ ಕಾಡಿದ್ದು ‘ಕಷ್ಟ’ ಮತ್ತು ‘ಸುಖ’, ಅವನಿಗೆ ಮೊದಲೇ ಗೊತ್ತಿದ್ದ ಪದಗಳು. ಎರಡೂ ಸಂಸ್ಕೃತದಿಂದ ಎರಡು ಭಾಷೆಗೂ ಬಂದವು. ಬಂಗಾಳಿಯಲ್ಲಿ ಅವು ‘ಕೊಷ್ಟೊ’, ‘ಶುಖ್’. ಹೊಸ ಪದವನ್ನು ಕಿವಿಯಿಂದ ಕಲಿಯುತ್ತೇವೆ. ಗೊತ್ತಿರುವ ಪದ ಬಂದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತದೆ, ನಾಲಿಗೆ ಹಳೇ ದಾರಿಯಲ್ಲಿ ನಡೆಯುತ್ತದೆ, ದಾರಿ ಗೊತ್ತಿರುವ ಎತ್ತಿನ ಹಾಗೆ.

ಇನ್ನು ಅವಳ ಸಾಲು. ಹುಡುಗ ಮೊದಲು ‘ಆಮಿ ತೊಮಾಕೆ ಭಾಲೊಬಾಶಿ’ ಅನ್ನು ಕಲಿ ಅಂದಿದ್ದನಂತೆ, ನಾನು ನಿನ್ನನ್ನು ಪ್ರೀತಿಸುತ್ತೇನೆ ಅಂತ. ಅದು ಅವರಿಬ್ಬರ ನಡುವೆ ಇರಲಿ, ಮಂಟಪಕ್ಕೆ ಬೇರೆ ಮಾತು ಕೊಡಿ ಅಂತ ಅವನ ಅಮ್ಮನನ್ನೇ ಕೇಳಿಸಿದೆವು. ಅವರು ವಾಟ್ಸಾಪ್‌ನಲ್ಲಿ ಧ್ವನಿ ಕಳಿಸಿದರು: ‘ಶುಖೆ ದುಕ್ಖೆ ಆಮಿ ತೊಮಾರ್ ಪಾಶೆ ಥಾಕ್‌ಬೊ.’ ಸುಖದಲ್ಲಿ ದುಃಖದಲ್ಲಿ ನಿನ್ನ ಪಕ್ಕದಲ್ಲಿರುತ್ತೇನೆ. ನಮ್ಮಮ್ಮ ಹೇಳಿದ ಮಾತನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಇಬ್ಬರು ಹೆಂಗಸರು ಎರಡು ಊರಿನಲ್ಲಿ ಕೂತು ಹೆಚ್ಚುಕಮ್ಮಿ ಒಂದೇ ಮಾತು ಆರಿಸಿದ್ದರು.

ಅವಳಿಗೆ ಅನುಕೂಲ ಜಾಸ್ತಿ. ಈ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಮುಖ್ಯವಾದ ಸದ್ದೆಲ್ಲ ಹಿಡಿದಿಡಬಹುದು. ತ, ಥ ಬೇರೆ ಬೇರೆ ಕಾಣುತ್ತವೆ. ಕಷ್ಟ ಇದ್ದದ್ದು ಎರಡು ಕಡೆ. ಒಂದು ಮಹಾಪ್ರಾಣ. ಬರೆಯುವಾಗ ನಾವು ಥ, ಖ, ಭ ಎಲ್ಲ ಬರೆಯುತ್ತೇವೆ, ಆಡುವಾಗ ಮನೆಮಾತಿನಲ್ಲಿ ಬಹುಪಾಲು ಬಿಟ್ಟೇಬಿಡುತ್ತೇವೆ. ಬಂಗಾಳಿಯಲ್ಲಿ ಹಾಗೆ ಬಿಡುವಂತಿಲ್ಲ. ‘ಖಾಲಿ’ ಅಂದರೆ ಬರಿದು, ‘ಕಾಲಿ’ ಅಂದರೆ ಶಾಯಿ. ಅದಕ್ಕೆ ಹಳೇ ಉಪಾಯವಿದೆ. ತೆಳುವಾದ ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ಹೇಳಬೇಕು. ‘ತೊಮಾರ್’ ಅಂದಾಗ ಕಾಗದ ಸುಮ್ನೆ ಇರಬೇಕು. ‘ಥಾಕ್‌ಬೊ’ ಅಂದಾಗ ಮೊದಲ ಅಕ್ಷರಕ್ಕೇ ಅಲ್ಲಾಡಬೇಕು. ಅವಳು ಹಾಲಿನ ಬಿಲ್ಲಿನ ತುಂಡು ಹಿಡಿದುಕೊಂಡು ಕಿಟಕಿ ಪಕ್ಕ ಕೂತು ಅಭ್ಯಾಸ ಮಾಡುತ್ತಿದ್ದಳು. ಮೊದಮೊದಲು ಎರಡಕ್ಕೂ ಅಲ್ಲಾಡುತ್ತಿತ್ತು. ಜೋರಾಗಿ ಹೇಳುವುದೇ ಮಹಾಪ್ರಾಣ ಅಂದುಕೊಂಡಿದ್ದಳು. ಗಂಟಲು ಏರಿಸುವುದು ಬೇಕಿಲ್ಲ, ಉಸಿರು ಮಾತ್ರ ಬರಲಿ ಅಂತ ಹೇಳಿದ ಮೇಲೆ ಹದ ಸಿಕ್ಕಿತು.

ಎರಡನೆಯದು ಪದದ ಕೊನೆ. ಕನ್ನಡದ ಮಾತು ಸ್ವರದಲ್ಲೇ ಮುಗಿಯಬೇಕು ಅಂತ ನಮ್ಮ ಬಾಯಿಗೆ ಅಭ್ಯಾಸ. ಕಾರ್ ಅನ್ನು ಕಾರು ಅನ್ನುತ್ತೇವೆ, ಬಸ್ ಅನ್ನು ಬಸ್ಸು ಅನ್ನುತ್ತೇವೆ. ಹಾಗೇ ‘ತೊಮಾರ್’ ಅವಳ ಬಾಯಲ್ಲಿ ‘ತೊಮಾರು’, ‘ಥಾಕ್‌ಬೊ’ ‘ಥಾಕುಬೊ’ ಆಗುತ್ತಿತ್ತು. ಇದಕ್ಕೆ ಮದ್ದು, ಮುಂದಿನ ಪದವನ್ನು ಅಂಟಿಸಿ ಹೇಳುವುದು. ‘ತೊಮಾರ್ಪಾಶೆ’ ಅಂತ ಒಂದೇ ಪದ ಮಾಡಿಕೊಟ್ಟೆ. ನಡುವೆ ಜಾಗವೇ ಇಲ್ಲದಿದ್ದರೆ ಉಕಾರ ನುಸುಳುವುದಿಲ್ಲ.

ನೀನು, ನೀವು ಅನ್ನುವ ಪ್ರಶ್ನೆಯೂ ಬಂತು. ಅಕ್ಕನಿಗೆ ಸ್ವಲ್ಪ ಕಸಿವಿಸಿ, ‘ಎಲ್ಲರ ಮುಂದೆ ಗಂಡನಿಗೆ ಏಕವಚನ ಹಾಕ್ತಾಳಾ?’ ಅಂತ. ಬಂಗಾಳಿಯಲ್ಲಿ ಇದಕ್ಕೆ ಮೂರು ಮೆಟ್ಟಿಲಿದೆ. ತುಯಿ, ತುಮಿ, ಆಪ್ನಿ. ಗಂಡಹೆಂಡತಿ ಈಗ ಪರಸ್ಪರ ಬಳಸುವುದು ನಡುವಿನ ತುಮಿ. ‘ತೊಮಾರ್’ ಅದರದೇ ರೂಪ. ಅದು ನಮ್ಮ ನೀನುವಿಗಿಂತ ಮೇಲೆ, ನೀವುಗಿಂತ ಕೆಳಗೆ ಅಂತ ವಿವರಿಸಿದ ಮೇಲೆ ಅಕ್ಕನಿಗೆ ಸಮಾಧಾನವಾಯಿತು. ಅವನ ಸಾಲಿನಲ್ಲಿ ನೀನು, ನೀವು ಎರಡೂ ಇಲ್ಲದ್ದರಿಂದ ಆ ಕಡೆ ರಗಳೆಯೇ ಇರಲಿಲ್ಲ.

ಸಾಲು ಬಾಯಿಗೆ ಬಂದ ಮೇಲೆ ಅರ್ಥದ ಪರೀಕ್ಷೆ ಮಾಡಲೇಬೇಕು. ಅರ್ಥ ಗೊತ್ತಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಗೆ ಕೇಳಬಾರದು. ನಾನು ಅವನಿಗೆ ಸಾಲನ್ನು ಒಡೆದು ಕನ್ನಡದಲ್ಲೇ ಕೇಳಿದೆ. ‘ಏನು ಬರಲಿ?’ ‘ಯಾವ ಕೈ?’ ‘ಏನು ಮಾಡೋದಿಲ್ಲ?’ ಕ್ರಮ ತಪ್ಪಿಸಿ ಕೇಳಿದಾಗಲೂ ಆಯಾ ತುಂಡನ್ನು ಸರಿಯಾಗಿ ಎತ್ತಿಕೊಟ್ಟರೆ ಪದ ಪದಕ್ಕೂ ಅರ್ಥ ಅಂಟಿದೆ ಅಂತ ಲೆಕ್ಕ. ಪ್ರತಿ ಪ್ರಶ್ನೆಗೂ ಇಡೀ ಸಾಲನ್ನೇ ಒಪ್ಪಿಸಿದರೆ ಅದು ಇನ್ನೂ ಬಾಯಿಪಾಠ. ಅವಳಿಗೆ ಇದೇ ಪರೀಕ್ಷೆಯನ್ನು ಅವನು ಬಂಗಾಳಿಯಲ್ಲಿ ಮಾಡಿದ.

ಎಲ್ಲಿ ಹೇಳಬೇಕು ಅನ್ನುವುದನ್ನು ಪುರೋಹಿತರ ಜೊತೆ ಮೊದಲೇ ಕೂತು ಗೊತ್ತು ಮಾಡಿಕೊಂಡೆವು. ಮಾಂಗಲ್ಯಧಾರಣೆಯ ಹೊತ್ತಿಗೆ ಬೇಡ ಅಂದರು, ಸರಿಯಾದ ಮಾತೇ. ಗಟ್ಟಿಮೇಳದಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಮುಹೂರ್ತ ದಾಟುವ ಆತಂಕ ಬೇರೆ. ಸಪ್ತಪದಿ ಮುಗಿದ ಮೇಲೆ ಒಂದೆರಡು ನಿಮಿಷ ಕೊಡುತ್ತೇನೆ ಅಂದರು. ನನಗೆ ಆ ಜಾಗ ಬಹಳ ಹಿಡಿಸಿತು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ, ಸಪ್ತಪದಿ ಇರುವ ಮದುವೆ ಏಳನೆಯ ಹೆಜ್ಜೆ ಇಟ್ಟ ಕ್ಷಣಕ್ಕೆ ಪೂರ್ತಿಯಾಗುತ್ತದೆ. ಅಂದರೆ ಅವರಿಬ್ಬರು ತಮ್ಮ ಸಾಲು ಹೇಳುವ ಹೊತ್ತಿಗೆ ಮದುವೆ ಆಗಿಹೋಗಿರುತ್ತದೆ. ತಡವರಿಸಿದರೂ, ಮರೆತರೂ ಏನೂ ಕೆಡುವುದಿಲ್ಲ. ಆ ಮಾತಿನ ಮೇಲೆ ಕಾನೂನಿನ ಭಾರವೂ ಇಲ್ಲ, ಶಾಸ್ತ್ರದ ಭಾರವೂ ಇಲ್ಲ.

ರಿಜಿಸ್ಟರ್ ಮದುವೆಯಲ್ಲಿ ಇದು ತಲೆಕೆಳಗು. ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು, ಆಕ್ಷೇಪಣೆಯ 30 ದಿನ ಕಳೆದು, ಸಾಕ್ಷಿಗಳ ಜೊತೆ ಅಧಿಕಾರಿಯ ಮುಂದೆ ನಿಂತಾಗ, ಆಗಲೇ ಹೇಳಿದ ಆ ಸಾಲೇ ಮದುವೆಯನ್ನು ಕಟ್ಟುತ್ತದೆ. ಅಲ್ಲಿ ಹೊಸದಾಗಿ ಕಲಿತ ಭಾಷೆಯ ಪ್ರಯೋಗ ಬೇಡ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕಾನೂನಿನ ಸಾಲನ್ನು ಇಬ್ಬರಿಗೂ ಚೆನ್ನಾಗಿ ಬರುವ ಭಾಷೆಯಲ್ಲಿ, ಅದು ಇಂಗ್ಲಿಷ್ ಆದರೂ ಹಿಂದಿ ಆದರೂ, ಸ್ಪಷ್ಟವಾಗಿ ಹೇಳಿ ಮುಗಿಸಿ. ಕಲಿತ ಸಾಲನ್ನು ಅದರ ಹಿಂದೆಯೇ ಹೇಳಿ. ಮದುವೆಯ ರೀತಿಯನ್ನು ಕಾಯ್ದೆ ನಿಮಗೇ ಬಿಟ್ಟಿರುವುದರಿಂದ ಹೆಚ್ಚಿನ ಮಾತಿಗೆ ಅಡ್ಡಿಯಿಲ್ಲ. ಅಧಿಕಾರಿಗೆ ಮೊದಲೇ ತಿಳಿಸಿದರೆ ಒಳ್ಳೆಯದು.

ಮದುವೆ ಬಸವನಗುಡಿಯ ಒಂದು ಛತ್ರದಲ್ಲಿ. ಸೋದರಮಾವನಾಗಿ ಹುಡುಗಿಯನ್ನು ಮಂಟಪಕ್ಕೆ ಕರೆತಂದವನು ನಾನೇ, ಹಾಗಾಗಿ ಕೊನೆಯ ತನಕ ಅವರ ಹಿಂದೆಯೇ ಇದ್ದೆ. ಸಪ್ತಪದಿ ಮುಗಿಯಿತು. ಇಬ್ಬರಿಗೂ ಒಂದೊಂದು ಗುಟುಕು ನೀರು ಕೊಡಿಸಿದೆ, ಹೊಗೆಗೆ ಗಂಟಲು ಒಣಗಿರುತ್ತದೆ. ವಿಡಿಯೋದವರು ಕಾಲರ್ ಮೈಕ್ ಸಿಕ್ಕಿಸಿದ್ದರು. ಕೈಯಲ್ಲಿ ಮೈಕ್ ಕೊಟ್ಟರೆ ಮುಖ ಸಭೆಯ ಕಡೆ ತಿರುಗುತ್ತದೆ, ಅದಕ್ಕೇ ಮೊದಲೇ ಹೇಳಿಟ್ಟಿದ್ದೆ. ಇಬ್ಬರೂ ಮುಖಾಮುಖಿ ನಿಂತರು. ಮರೆತರೆ ನಾನು ಮೊದಲ ಪದ ಮಾತ್ರ ಕೊಡುವುದು, ಪೂರ್ತಿ ಸಾಲು ಹೇಳಿಕೊಡುವುದಿಲ್ಲ ಅಂತ ಮಾತಾಗಿತ್ತು. ಕೊಡಬೇಕಾಗಿ ಬರಲಿಲ್ಲ.

ಅವನು ಮೊದಲು ಹೇಳಿದ. ‘ಕೊಷ್ಟ ಬರಲಿ ಶುಖ ಬರಲಿ, ಹಿಡಿದ ಕೈ ಬಿಡೋದಿಲ್ಲ.’ ‘ಇಲ್ಲ’ದ ಒತ್ತು ಕಂಬದ ಹಾಗೆ ನಿಂತಿತು. ಅವಳು ಅವನನ್ನೇ ನೋಡುತ್ತಾ ತನ್ನ ಸಾಲು ಹೇಳಿದಳು. ಅವಳ ‘ಶುಖೆ’ ನಮ್ಮ ‘ಸುಖೆ’ಯೇ ಆಗಿತ್ತು. ‘ಥಾಕ್‌ಬೊ’ ಮಾತ್ರ ಉಸಿರು ತುಂಬಿಕೊಂಡು, ಉಕಾರ ಇಲ್ಲದೆ, ನೆಟ್ಟಗೆ ಬಂತು. ಅವನ ಕಡೆಯ ಹೆಂಗಸರು ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ಉಲು ಹಾಕಿದರು. ಬಂಗಾಳಿ ಮದುವೆಯಲ್ಲಿ ಮಂಗಳದ ಹೊತ್ತಿಗೆ ನಾಲಿಗೆ ಆಡಿಸಿ ಹೊರಡಿಸುವ ಸದ್ದು ಅದು. ನಮ್ಮ ವಾದ್ಯದವರು ಅದನ್ನೇ ಸನ್ನೆ ಅಂದುಕೊಂಡು ಓಲಗ ಶುರು ಮಾಡಿದರು. ಎರಡೂ ಒಟ್ಟಿಗೆ ಸೇರಿ ಛತ್ರ ತುಂಬಿತು.

‘ಕೊಷ್ಟ’ವನ್ನು ಯಾಕೆ ತಿದ್ದಲಿಲ್ಲ ಅಂತ ಆಮೇಲೆ ಒಬ್ಬರು ಕೇಳಿದರು. ತಿದ್ದಬೇಕಾದ ತಪ್ಪು ಬೇರೆ, ಬಿಡಬೇಕಾದ ತಪ್ಪು ಬೇರೆ. ‘ಬಿಡಲಾ’ ಆದರೆ ಅರ್ಥ ಕೆಡುತ್ತದೆ, ಅದನ್ನು ಬಿಡುವ ಹಾಗಿಲ್ಲ. ‘ಕೊಷ್ಟ’ ಅಂದರೆ ಯಾರಿಗೂ ಅರ್ಥ ಆಗದೆ ಹೋಗುವುದಿಲ್ಲ. ಹೇಳಿದವನು ಯಾವ ಊರಿನವನು ಅಂತ ಗೊತ್ತಾಗುತ್ತದೆ, ಅಷ್ಟೇ. ಅದನ್ನು ಯಾಕೆ ಅಳಿಸಬೇಕು? ಸಂಸ್ಕೃತ ಮಂತ್ರವನ್ನೇ ಅವರು ಅವರ ನಾಲಿಗೆಯಲ್ಲಿ ಹೇಳುತ್ತಾರೆ. ‘ಯದಿದಂ ಹೃದಯಂ ಮಮ’ ಅವರ ಮದುವೆಯಲ್ಲಿ ‘ಜೊದಿದೊಂಗ್ ಹ್ರಿದೊಯೊಂಗ್ ಮೊಮೊ’ ಅಂತ ಕೇಳುತ್ತದೆ. ಮಂತ್ರಕ್ಕೆ ಆಗುವುದು ನಮ್ಮ ಕಷ್ಟಸುಖಕ್ಕೂ ಆಗಲಿ.

ನೆಂಟರದು ಒಂದು ಚಾಳಿ ಇದೆ, ಅದು ನನಗೆ ಹಿಡಿಸುವುದಿಲ್ಲ. ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ಬಂದು ‘ಎಲ್ಲಿ, ಆ ಕನ್ನಡ ಡೈಲಾಗ್ ಇನ್ನೊಂದು ಸಲ ಹೇಳಪ್ಪ’ ಅಂತ ಕೇಳುವುದು. ಅದು ಅವಳಿಗೆ ಹೇಳಿದ ಮಾತು. ಒಂದು ಸಲ ಹೇಳಿಯಾಯಿತು. ಬೇಕಾದರೆ ಅವನ ಜೊತೆ ಬೇರೆ ಕನ್ನಡ ಮಾತಾಡಿ, ಊಟ ಹೇಗಿದೆ ಕೇಳಿ, ಪ್ರಯಾಣ ಹೇಗಿತ್ತು ಕೇಳಿ.

ಯಾಕೆಂದರೆ ಅವನಿಗೆ ಆ ಸಾಲಿನಿಂದ ಬೇರೆ ಮಾತೂ ಬರಲು ಶುರುವಾಗಿತ್ತು. ಆಡುಮಾತಿನ ಸಾಲು ಆರಿಸಿದ್ದರ ನಿಜವಾದ ಲಾಭ ಇದು. ‘ಸ್ವೀಕರಿಸುತ್ತೇನೆ’ ಕಲಿತವನು ಅದನ್ನು ಮತ್ತೆ ಎಲ್ಲಿ ಬಳಸಬೇಕು? ‘ಬಿಡೋದಿಲ್ಲ’ ಬಂದರೆ ಬರೋದಿಲ್ಲ, ಹೋಗೋದಿಲ್ಲ, ಮರೆಯೋದಿಲ್ಲ ಎಲ್ಲ ಅದರ ಹಿಂದೆಯೇ ಬರುತ್ತವೆ. ಅವಳಿಗೂ ‘ಥಾಕ್‌ಬೊ’ದ ಕೊನೆಯ ‘ಬೊ’ ಸಿಕ್ಕಿತು. ‘ಜಾಬೊ’ ಅಂದರೆ ಹೋಗುತ್ತೇನೆ, ‘ಖಾಬೊ’ ಅಂದರೆ ತಿನ್ನುತ್ತೇನೆ, ‘ಕೊರ್‌ಬೊ’ ಅಂದರೆ ಮಾಡುತ್ತೇನೆ. ಈಗ ಅತ್ತೆಯ ಜೊತೆ ಫೋನಿನಲ್ಲಿ ಇವನ್ನೇ ತಿರುಗಿಸಿ ತಿರುಗಿಸಿ ಮಾತಾಡುತ್ತಾಳೆ. ಅಳಿಯನನ್ನು ಹಬ್ಬಕ್ಕೆ ಕರೆದಿದ್ದಾಗ ನಮ್ಮಮ್ಮ ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಲು ಬಂದರು. ಅವನು ಎಲೆಗೆ ಕೈ ಅಡ್ಡ ಹಿಡಿದು, ‘ಅಜ್ಜಿ, ಇನ್ನು ತಿನ್ನೋದಿಲ್ಲ’ ಅಂದ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅಮ್ಮ ‘ಹಾಗೆಲ್ಲ ಆಗೋದಿಲ್ಲ’ ಅಂತ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಬಡಿಸಿದರು.